ಆಡಳಿತ ಮಂಡಳಿ ಸಭೆಗೆ ಒಂದೇ ಸ್ಲೈಡಿನ ಸಾರಾಂಶ: ಗಣಕೀಕೃತ ಅಡಿಕೆ ಟೆಂಡರ್ ಯೋಜನೆ

ಶಿರಸಿ, 18 ಸೆಪ್ಟೆಂಬರ್ 2025

ಮಾನ್ಯ ಪ್ರಧಾನ ವ್ಯವಸ್ಥಾಪಕರಿಗೆ,

ಸೆಪ್ಟೆಂಬರ್ 15ರಂದು ಯೋಜನಾ ವಿಭಾಗದಿಂದ ಬಂದ 14 ಪುಟಗಳ ಪ್ರಗತಿ ವರದಿಯನ್ನು ತಮ್ಮ ಸೂಚನೆಯಂತೆ ಒಂದೇ ಸ್ಲೈಡಿಗೆ ಇಳಿಸಿ ಇದರೊಂದಿಗೆ ಸಲ್ಲಿಸುತ್ತಿದ್ದೇನೆ. ಇದೇ ತಿಂಗಳ 22ರ ಸೋಮವಾರದ ಸಭೆಯಲ್ಲಿ ಈ ವಿಷಯಕ್ಕೆ ಹತ್ತು ನಿಮಿಷ ಮಾತ್ರ ಸಿಗುವುದರಿಂದ, ನಿರ್ದೇಶಕರು ತೀರ್ಮಾನಿಸಬೇಕಾದ ಸಂಗತಿ ಮೊದಲು ಕಣ್ಣಿಗೆ ಬೀಳುವಂತೆ ಬರೆದಿದ್ದೇನೆ.

ಸ್ಲೈಡಿನ ಪಠ್ಯ

ಗಣಕೀಕೃತ ಅಡಿಕೆ ಟೆಂಡರ್: 15 ಸೆಪ್ಟೆಂಬರ್ 2025ರ ಸ್ಥಿತಿ

ಒಟ್ಟಾರೆ ಸ್ಥಿತಿ: ಕೆಂಪು. 23 ಕೆಲಸಗಳ ಪೈಕಿ 19 ಮುಗಿದಿವೆ. ಆದರೆ ತೂಕದ ಲೆಕ್ಕ ಸರಿಯಾಗುವವರೆಗೆ ಹೊಸ ವ್ಯವಸ್ಥೆಯಲ್ಲಿ ಹಣ ಪಾವತಿ ಮಾಡಲಾಗದು.

ಕೆಂಪು: ತೂಕದ ಯಂತ್ರ ಮತ್ತು ಪಾವತಿ. ಮೂರು ದಿನಗಳ ಪರೀಕ್ಷೆಯಲ್ಲಿ ತೂಗಿದ 240 ಚೀಲಗಳಲ್ಲಿ 7 ಚೀಲಗಳ ತೂಕ ಎರಡೆರಡು ಬಾರಿ ದಾಖಲಾಗಿದೆ. ತಂತ್ರಾಂಶ ಸಂಸ್ಥೆಯು ಅಕ್ಟೋಬರ್ 10ರೊಳಗೆ ದುರಸ್ತಿ ಮಾಡಲು ಒಪ್ಪಿದ್ದು, ಅಕ್ಟೋಬರ್ 13ರಿಂದ 18ರವರೆಗೆ ಮರುಪರೀಕ್ಷೆ ನಡೆಯಲಿದೆ.

ಹಳದಿ: ಸದಸ್ಯರ ಖಾತೆ. 6,412 ಖಾತೆಗಳಲ್ಲಿ 371ರ ಹೆಸರು ಅಥವಾ ಬ್ಯಾಂಕ್ ಖಾತೆ ಸಂಖ್ಯೆ ತಾಳೆಯಾಗಿಲ್ಲ. ಅಕ್ಟೋಬರ್ 31ರೊಳಗೆ ಶಾಖೆಗಳು ಸರಿಪಡಿಸಬೇಕು.

ಹಳದಿ: ವ್ಯಾಪಾರಿಗಳ ತರಬೇತಿ. 53 ಖರೀದಿದಾರರಲ್ಲಿ 38 ಮಂದಿ ಮೊಬೈಲಿನಲ್ಲಿ ದರ ನಮೂದಿಸುವುದನ್ನು ಕಲಿತಿದ್ದಾರೆ.

ಹಸಿರು: ಲಾಟ್ ಸಂಖ್ಯೆ ನೀಡಿಕೆ, ಟೆಂಡರ್ ತೆರೆಯುವವರೆಗೆ ದರಗಳ ಗೌಪ್ಯತೆ, ವೆಚ್ಚ (ಮಂಜೂರಾದ 46 ಲಕ್ಷ ರೂಪಾಯಿಯಲ್ಲಿ 31.5 ಲಕ್ಷ ಖರ್ಚು).

ಮಂಡಳಿಯಿಂದ ಬೇಕಾದ ತೀರ್ಮಾನ: ಪೂರ್ಣ ಬಳಕೆಯ ದಿನಾಂಕವನ್ನು ನವೆಂಬರ್ 3ರಿಂದ ಡಿಸೆಂಬರ್ 1ಕ್ಕೆ ಮುಂದೂಡಿ, ನಡುವಿನ ನಾಲ್ಕು ವಾರ ಕಾಗದದ ಚೀಟಿ ಮತ್ತು ಗಣಕಯಂತ್ರ ಎರಡನ್ನೂ ಜೊತೆಯಲ್ಲಿ ನಡೆಸಲು ಒಪ್ಪಿಗೆ ನೀಡಬೇಕು.

ಬಣ್ಣಗಳ ಬಗ್ಗೆ ವಿವರಣೆ (ತಮ್ಮ ಗಮನಕ್ಕೆ ಮಾತ್ರ, ತೆರೆಯ ಮೇಲೆ ಬರುವುದಿಲ್ಲ)

ಮೂಲ ವರದಿಯಲ್ಲಿ ಯೋಜನೆಯ ಒಟ್ಟು ಸ್ಥಿತಿಯನ್ನು ಹಸಿರು ಎಂದು ತೋರಿಸಲಾಗಿತ್ತು, ಶೇ. 82ರಷ್ಟು ಕೆಲಸ ಮುಗಿದಿದೆ ಎಂಬುದೇ ಅದಕ್ಕೆ ಕೊಟ್ಟ ಕಾರಣ. ಲೆಕ್ಕ ತಪ್ಪಲ್ಲ, ಆದರೆ ಎಲ್ಲ ಕೆಲಸಗಳಿಗೂ ಒಂದೇ ತೂಕ ಕೊಟ್ಟು ಎಣಿಸಿದ ಲೆಕ್ಕ ಅದು. ಹೊಸ ರಶೀದಿ ಪುಸ್ತಕ ಮುದ್ರಿಸಿದ್ದೂ ಅಲ್ಲಿ ಒಂದು ಕೆಲಸ, ಸದಸ್ಯರ ಖಾತೆಗೆ ಸರಿಯಾದ ಹಣ ಜಮೆಯಾಗುವುದೂ ಒಂದು ಕೆಲಸ. ನಾನು ಬಣ್ಣ ಕೊಡುವಾಗ, ಆ ಕೆಲಸ ಕೆಟ್ಟರೆ ಅಡಿಕೆ ತಂದ ಸದಸ್ಯರಿಗೆ ಏನಾಗುತ್ತದೆ ಎಂಬುದನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ. ಹಣ ತಪ್ಪುವಂತಿದ್ದರೆ ಕೆಂಪು, ವ್ಯವಹಾರ ತಡವಾಗುವಂತಿದ್ದರೆ ಹಳದಿ.

ಕೆಂಪು ವಿಷಯವು ಮೂಲದಲ್ಲಿ 9ನೇ ಪುಟದ ಮೂರನೇ ಪ್ಯಾರಾದಲ್ಲಿ ಹೀಗಿತ್ತು: "ವಿದ್ಯುತ್ ಏರಿಳಿತದ ಸಂದರ್ಭಗಳಲ್ಲಿ ತೂಕದ ದತ್ತಾಂಶ ವರ್ಗಾವಣೆಯಲ್ಲಿ ಅಲ್ಪ ಪ್ರಮಾಣದ ವ್ಯತ್ಯಯಗಳು ಗಮನಕ್ಕೆ ಬಂದಿದ್ದು, ಸಂಬಂಧಿತ ತಾಂತ್ರಿಕ ತಂಡದೊಂದಿಗೆ ಸಮಾಲೋಚನೆ ಪ್ರಗತಿಯಲ್ಲಿದೆ." ಇದನ್ನು ಓದಿದ ಯಾರಿಗೂ ಒಂದೇ ಚೀಲಕ್ಕೆ ಎರಡು ಬಾರಿ ಹಣ ಹೋಗಬಹುದೆಂದು ಹೊಳೆಯುವುದಿಲ್ಲ. ಆದ್ದರಿಂದ ಪರೀಕ್ಷೆ ನಡೆಸಿದ ತೂಕದ ಕಟ್ಟೆಗೇ ಹೋಗಿ ಚೀಟಿಗಳನ್ನು ನೋಡಿದೆ. 63.4 ಕೆ.ಜಿ. ತೂಗಿದ ರಾಶಿ ಅಡಿಕೆಯ ಒಂದು ಚೀಲವು ಮಧ್ಯಾಹ್ನ 12.41ಕ್ಕೆ ಒಮ್ಮೆ, 12.44ಕ್ಕೆ ಮತ್ತೊಮ್ಮೆ, ಅದೇ ಲಾಟ್ ಸಂಖ್ಯೆಯಡಿ ದಾಖಲಾಗಿತ್ತು. ಹಾಗಾಗಿ ಆ ಲಾಟಿನ ಒಟ್ಟು ತೂಕದಲ್ಲಿ ಇಲ್ಲದ ಅಡಿಕೆಯೂ ಸೇರಿಕೊಂಡಿತ್ತು. ಕರೆಂಟು ಹೋದಾಗ ಸಂಪರ್ಕ ಕಡಿದು, ಮರಳಿ ಬಂದಾಗ ಕಟ್ಟೆಯ ಗಣಕಯಂತ್ರವು ಕಳುಹಿಸಿ ಮುಗಿದಿದ್ದ ದಾಖಲೆಯನ್ನು ಇನ್ನೊಮ್ಮೆ ಕಳುಹಿಸುತ್ತದೆ, ಮುಖ್ಯ ಕಚೇರಿಯ ವ್ಯವಸ್ಥೆಯು ಅದನ್ನು ಹೊಸ ಚೀಲವೆಂದು ತಿಳಿಯುತ್ತದೆ. ಪ್ರತಿ ತೂಕಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೇ ಸಲ ಬಂದರೆ ತಿರಸ್ಕರಿಸುವಂತೆ ಮಾಡುವುದು ಈಗ ಒಪ್ಪಿತವಾಗಿರುವ ದುರಸ್ತಿ. ಮಳೆಗಾಲದ ಶಿರಸಿಯಲ್ಲಿ ಕರೆಂಟು ಹೋಗುವುದನ್ನು "ಸಂದರ್ಭ" ಎಂದು ಕರೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಮರುಪರೀಕ್ಷೆಯಲ್ಲಿ ಬೇಕೆಂದೇ ದಿನಕ್ಕೆ ನಾಲ್ಕಾರು ಬಾರಿ ಸಂಪರ್ಕ ಕಡಿದು ನೋಡಬೇಕೆಂದು ಕೇಳಿಕೊಂಡಿದ್ದೇನೆ.

ಖಾತೆಗಳ ವಿಷಯ ಹಳದಿಯಲ್ಲಿರುವುದಕ್ಕೆ ಕಾರಣ, ತಾಳೆಯಾಗದ ಖಾತೆಗೆ ಹಣ ಹೋಗದಂತೆ ತಡೆ ಹಾಕಿದೆ. ತಡವಾದೀತು, ತಪ್ಪಾಗದು. ಒಂದೇ ಊರಿನಲ್ಲಿ, ಒಂದೇ ಹೆಸರಿನಲ್ಲಿ, ತಂದೆಯ ಹೆಸರೂ ಒಂದೇ ಆಗಿರುವ ಹೆಗಡೆಯವರು ಮೂವರಿದ್ದರೆ ಅವರನ್ನು ಬೇರ್ಪಡಿಸಲು ಶಾಖೆಯ ಹಳೆಯ ಗುಮಾಸ್ತರೇ ಬೇಕು. ಈ ಕೆಲಸವನ್ನು ಮುಖ್ಯ ಕಚೇರಿಯಲ್ಲಿ ಕುಳಿತು ಮುಗಿಸಲಾಗದು. ವ್ಯಾಪಾರಿಗಳಲ್ಲಿ ಉಳಿದ 15 ಮಂದಿಗೆ ದಸರೆಯ ನಂತರ ಎರಡು ದಿನ ತರಬೇತಿ ಇದೆ.

ಮುದ್ರಿತ ಪ್ರತಿಗಳು ಕಪ್ಪು-ಬಿಳುಪಿನಲ್ಲಿ ಬರುವುದರಿಂದ ಬಣ್ಣದ ಪಕ್ಕದಲ್ಲಿ ಬಣ್ಣದ ಹೆಸರನ್ನೂ ಬರೆದಿದ್ದೇನೆ. ಮೂಲದಲ್ಲಿದ್ದ "ಆ್ಯಂಬರ್" ಎಂಬುದನ್ನು ಹಳದಿ ಎಂದು ಮಾಡಿದ್ದೇನೆ. ನಮ್ಮ ಸಭೆಯಲ್ಲಿ "ಕೆಂಪು" ಎಂದೊಡನೆ ಕೆಂಪಡಿಕೆಯ ದರದ ಚರ್ಚೆ ಆರಂಭವಾಗುವ ಸಾಧ್ಯತೆ ಇರುವುದರಿಂದ, ಓದುವಾಗ "ಕೆಂಪು ಸ್ಥಿತಿ" ಎಂದೇ ಹೇಳುವುದು ಒಳಿತು.

ಸಭೆಯಲ್ಲಿ ಬರಬಹುದಾದ ಪ್ರಶ್ನೆಗಳು

ಅಕ್ಟೋಬರ್ 18ಕ್ಕೆ ಮರುಪರೀಕ್ಷೆ ಮುಗಿಯುವುದಾದರೆ ನವೆಂಬರ್ 3ರಂದೇ ಏಕೆ ಆರಂಭಿಸಬಾರದು ಎಂದು ಖಂಡಿತ ಕೇಳುತ್ತಾರೆ. ಪರೀಕ್ಷೆಯಲ್ಲಿ ತೂಗುವುದು ನಾವೇ ಇಟ್ಟ ಚೀಲ. ನಿಜವಾದ ಮಾರಾಟದ ದಿನ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಲ್ಲವೂ ಒಟ್ಟಿಗೆ ಬಂದು, ದರ ಒಪ್ಪದ ಸದಸ್ಯರು ಲಾಟನ್ನು ಹಿಂದಕ್ಕೆ ಪಡೆಯುವುದೂ ಇರುತ್ತದೆ. ನವೆಂಬರಿನಲ್ಲಿ ಹೊಸ ಅಡಿಕೆಯ ಆವಕ ಇನ್ನೂ ಕಡಿಮೆ ಇರುವಾಗಲೇ ಎರಡೂ ಲೆಕ್ಕಗಳನ್ನು ದಿನದ ಕೊನೆಗೆ ತಾಳೆ ನೋಡುವುದು ಸುಲಭ. ನವೆಂಬರ್ 29ಕ್ಕೆ ಮುಗಿಯುವ ನಾಲ್ಕು ವಾರಗಳಿಗೆ ಹೆಚ್ಚುವರಿ ಸಿಬ್ಬಂದಿಯ ವೆಚ್ಚ 1.2 ಲಕ್ಷ ರೂಪಾಯಿ ಆಗಲಿದ್ದು, ಅದು ಮಂಜೂರಾದ ಮೊತ್ತದೊಳಗೇ ಬರುತ್ತದೆ.

ಡಿಸೆಂಬರ್ 1ಕ್ಕಿಂತಲೂ ಮುಂದೆ ಹೋದರೆ ಹೇಗೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ಬೇಕು. ಆವಕ ಏರಿದ ಮೇಲೆ ಪದ್ಧತಿ ಬದಲಿಸುವುದು ಕಷ್ಟ, 2026 ಮಾರಿಕಾಂಬಾ ಜಾತ್ರೆಯ ವರ್ಷವಾದ್ದರಿಂದ ಆ ದಿನಗಳಲ್ಲಿ ಪೇಟೆಯೊಳಗೆ ವಾಹನ ತರುವುದೇ ಪಾಡು. ಹಾಗಾಗಿ ಡಿಸೆಂಬರ್ ತಪ್ಪಿದರೆ ಈ ಹಂಗಾಮು ಪೂರ್ತಿ ಕಾಗದದ ಚೀಟಿಯಲ್ಲೇ ನಡೆಯಬೇಕೆಂಬುದು ನನ್ನ ಅಭಿಪ್ರಾಯ.

ತಂತ್ರಾಂಶ ಸಂಸ್ಥೆಗೆ ದಂಡ ವಿಧಿಸುವ ವಿಚಾರವನ್ನು ಸ್ಲೈಡಿನಲ್ಲಿ ಸೇರಿಸಿಲ್ಲ. ಅದು ಬಂದರೆ ಹತ್ತು ನಿಮಿಷವೂ ಅದರಲ್ಲೇ ಕಳೆದು, ದಿನಾಂಕದ ತೀರ್ಮಾನ ಮುಂದಿನ ಸಭೆಗೆ ಹೋಗುತ್ತದೆ.

ತಿದ್ದುಪಡಿಗಳಿದ್ದಲ್ಲಿ 20ರ ಶನಿವಾರ ಮಧ್ಯಾಹ್ನದೊಳಗೆ ತಿಳಿಸಿದರೆ ಅಂದೇ ಪ್ರತಿಗಳನ್ನು ಮುದ್ರಿಸಿ, ಮೂಲ ವರದಿಯ 9ನೇ ಪುಟವನ್ನು ಅವುಗಳ ಹಿಂದೆ ಲಗತ್ತಿಸಿ ನಿರ್ದೇಶಕರಿಗೆ ತಲುಪಿಸುತ್ತೇನೆ.

ತಮ್ಮ ವಿಶ್ವಾಸಿ,
ಯೋಜನಾ ಸಮನ್ವಯಾಧಿಕಾರಿ