ಅಸೈನ್‌ಮೆಂಟ್‌ಗಳಲ್ಲಿ ಬರಹ ತಯಾರಿಸುವ ತಂತ್ರಾಂಶಗಳ ಬಳಕೆ: ವಿದ್ಯಾರ್ಥಿಗಳಿಗೆ ಸೂಚನೆ

ಅರ್ಥಶಾಸ್ತ್ರ ವಿಭಾಗ, ಮಂಡ್ಯ
ಬಿ.ಎ. ಎಲ್ಲ ಸೆಮಿಸ್ಟರ್‌ಗಳಿಗೆ

ಕಳೆದ ಸೆಮಿಸ್ಟರಿನಲ್ಲಿ ಬಂದ ಐದು ವರದಿಗಳು ಮಂಡ್ಯದ ಸಕ್ಕರೆ ಕಾರ್ಖಾನೆ 1956ರಲ್ಲಿ ಆರಂಭವಾಯಿತೆಂದು ಹೇಳಿದ್ದವು. ಕಾರ್ಖಾನೆ ಆರಂಭವಾದದ್ದು 1933ರಲ್ಲಿ. ಐವರೂ ಒಂದೇ ತಪ್ಪನ್ನು ಒಂದೇ ಧಾಟಿಯಲ್ಲಿ ಮಾಡಿದ್ದರಿಂದ ವಿಚಾರಿಸಬೇಕಾಯಿತು. ಚಾಟ್‌ಜಿಪಿಟಿ, ಜೆಮಿನಿಯಂಥ ತಂತ್ರಾಂಶಗಳು ಗೊತ್ತಿಲ್ಲದ್ದನ್ನೂ ಗೊತ್ತಿರುವಂತೆಯೇ ಬರೆಯುತ್ತವೆ. ಇಲ್ಲದ ಪುಸ್ತಕಕ್ಕೆ ಪುಟಸಂಖ್ಯೆ ಸಹಿತ ಉಲ್ಲೇಖ ಕೊಡುತ್ತವೆ. ನಿಮ್ಮ ಹೆಸರಿನಲ್ಲಿ ಒಪ್ಪಿಸಿದ ಮೇಲೆ ಆ ತಪ್ಪು ನಿಮ್ಮದೇ.

ಹಾಗೆಂದು ಇವುಗಳನ್ನು ನಿಷೇಧಿಸುತ್ತಿಲ್ಲ. ಅರ್ಥವಾಗದ ಪರಿಕಲ್ಪನೆಯನ್ನು ವಿವರಿಸಿಕೊಳ್ಳಲು, ಇಂಗ್ಲಿಷ್ ಲೇಖನದ ತಿರುಳು ತಿಳಿಯಲು, ನೀವೇ ಬರೆದ ಕರಡಿನ ಕಾಗುಣಿತ ತಿದ್ದಲು ಬಳಸಬಹುದು. ಉತ್ತರವನ್ನೇ ಬರೆಸಿಕೊಳ್ಳುವುದು, ಅದರ ಒಂದೆರಡು ಪದ ಬದಲಿಸಿ ಒಪ್ಪಿಸುವುದು, ಮಾಡದ ಸಮೀಕ್ಷೆಗೆ ಅಂಕಿ ಅಂಶ ಹುಟ್ಟಿಸುವುದು ಕೂಡದು. ಕೊನೆಯದು ಅತಿ ಗಂಭೀರ. ಆಲೆಮನೆಗೆ ಹೋಗಿ ಬೆಲ್ಲದ ಅಚ್ಚಿನ ಲೆಕ್ಕ, ಕೂಲಿ, ಕಬ್ಬಿನ ದರ ಕೇಳಿ ಬರೆಯಿರಿ ಎಂದರೆ ಹೋಗಿಯೇ ಬರೆಯಬೇಕು. ಗಾಣದ ಮುಂದೆ ನಿಂತು ಗೀಚಿಕೊಂಡ ಟಿಪ್ಪಣಿ, ಅಕ್ಷರ ಸೊಟ್ಟಗಿದ್ದರೂ ಸರಿ, ವರದಿಯೊಂದಿಗೆ ಲಗತ್ತಿಸಿ.

ಬಳಸಿದ್ದರೆ ಕೊನೆಯ ಪುಟದಲ್ಲಿ ಘೋಷಣೆ ಕಡ್ಡಾಯ. ‘ತಂತ್ರಜ್ಞಾನದ ನೆರವು ಪಡೆದಿದ್ದೇನೆ’ ಎಂಬ ಒಂದು ಸಾಲು ಸಾಲದು. ಹೀಗಿರಲಿ:

“ಬೇಡಿಕೆಯ ಸ್ಥಿತಿಸ್ಥಾಪಕತ್ವದ ಅರ್ಥ ತಿಳಿಯಲು ಮಾರ್ಚ್ 4ರಂದು ಚಾಟ್‌ಜಿಪಿಟಿ ಬಳಸಿದೆ. ಅದು ಕೊಟ್ಟ ಉದಾಹರಣೆಯನ್ನು ಪಠ್ಯಪುಸ್ತಕದೊಂದಿಗೆ ಹೋಲಿಸಿ ನೋಡಿದೆ. ಎರಡನೆಯ ಪುಟದ ಕಾಗುಣಿತವನ್ನು ಅದರಿಂದ ತಿದ್ದಿಸಿದೆ. ಸಮೀಕ್ಷೆ, ಕೋಷ್ಟಕ ಮತ್ತು ತೀರ್ಮಾನ ನನ್ನವು.”

ಇಷ್ಟು ಬರೆದವರ ಅಂಕ ಕಡಿಮೆಯಾಗುವುದಿಲ್ಲ. ಮೂಲ ಸಂಭಾಷಣೆಯ ಪ್ರತಿಯನ್ನು ಫಲಿತಾಂಶ ಬರುವವರೆಗೆ ಇಟ್ಟುಕೊಂಡಿರಿ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಕೃತಿಚೌರ್ಯ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂದು ಕೆಲವರು ವಾದಿಸಿದ್ದಾರೆ. ಅದು ಬೇರೆ ಬರಹಗಳೊಂದಿಗಿನ ಹೋಲಿಕೆಯ ಲೆಕ್ಕ. ತಂತ್ರಾಂಶ ಪ್ರತಿ ಬಾರಿಯೂ ಹೊಸ ವಾಕ್ಯ ಹೆಣೆಯುವುದರಿಂದ ಹೋಲಿಕೆ ಸೊನ್ನೆ ಬಂದರೂ ಬರಹ ನಿಮ್ಮದೆಂದಾಗುವುದಿಲ್ಲ.

ಯಂತ್ರದ ಬರಹವನ್ನು ಪತ್ತೆ ಹಚ್ಚುತ್ತೇವೆನ್ನುವ ಸಾಧನಗಳ ಮಾತನ್ನೇ ನಂಬಿ ಯಾರನ್ನೂ ತಪ್ಪಿತಸ್ಥರೆನ್ನುವುದಿಲ್ಲ. ಸ್ವಂತವಾಗಿ ಬರೆದವರನ್ನೂ ಅವು ಅನುಮಾನಿಸುತ್ತವೆ. ಸಂಶಯ ಬಂದರೆ ಇಬ್ಬರು ಅಧ್ಯಾಪಕರು ಹತ್ತು ನಿಮಿಷ ನಿಮ್ಮ ವರದಿಯ ಬಗ್ಗೆಯೇ ಪ್ರಶ್ನೆ ಕೇಳುತ್ತಾರೆ. ಮರೆಮಾಚಿದ್ದು ಖಚಿತವಾದರೆ ಮೊದಲ ಸಲ ಮರುಬರವಣಿಗೆ, ಗರಿಷ್ಠ ಒಟ್ಟು ಅಂಕದ ಅರ್ಧ. ಎರಡನೆಯ ಸಲ ಆ ಅಸೈನ್‌ಮೆಂಟ್‌ಗೆ ಸೊನ್ನೆ. ಸಮೀಕ್ಷೆಯನ್ನೇ ಹುಟ್ಟಿಸಿದವರಿಗೆ ಮೊದಲ ಸಲವೇ ಸೊನ್ನೆ. ಆಕ್ಷೇಪವಿದ್ದರೆ ಏಳು ದಿನದೊಳಗೆ ಪ್ರಾಂಶುಪಾಲರಿಗೆ ಬರೆದುಕೊಡಿ.

ಆಲೆಮನೆ ವರದಿಯನ್ನು ಈಗಾಗಲೇ ಒಪ್ಪಿಸಿದವರು ಬರುವ ಶನಿವಾರದೊಳಗೆ ಘೋಷಣೆಯನ್ನು ಸೇರಿಸಬಹುದು, ತಡವಾಯಿತೆಂದು ದಂಡವಿಲ್ಲ.

ವಿಭಾಗ ಮುಖ್ಯಸ್ಥರು