ಗುರುವಾರದ ಮೀಟಿಂಗ್: ನೆಟ್ ಕೈಕೊಟ್ಟರೆ ನಾವೇ ಫೋನ್ ಮಾಡುತ್ತೇವೆ

ನಮಸ್ಕಾರ ಅಣ್ಣ,

ಗುರುವಾರ ಬೆಳಿಗ್ಗೆ 11ಕ್ಕೆ ಬೆಂಗಳೂರಿನ ಖರೀದಿದಾರರ ಜೊತೆ ಜೂಮ್ ಮೀಟಿಂಗ್ ಇದೆಯಲ್ಲ, ಅದರ ಬಗ್ಗೆ ಬರೆಯುತ್ತಿದ್ದೇನೆ. ಈ ಕಕ್ಕಡದ ಮಳೆಯಲ್ಲಿ ಭಾಗಮಂಡಲದ ಕಡೆ ಕರೆಂಟು, ನೆಟ್ಟು ಎರಡನ್ನೂ ನಂಬುವ ಹಾಗಿಲ್ಲ ಎಂದು ನೀವು ಹೇಳಿದ್ದಿರಿ. ಸ್ಟೋರಿನಲ್ಲಿರುವ ರೊಬಸ್ಟಾ ಚೆರಿಯ ತೇವಾಂಶ, ಔಟ್‌ಟರ್ನ್ ಎರಡನ್ನೂ ನೋಡಿದವರು ನೀವೇ. ದರದ ಮಾತು ಬಂದಾಗ ನೀವಿಲ್ಲದೆ ನಡೆಯುವುದಿಲ್ಲ. ಅದಕ್ಕೆ, ನೆಟ್ ಹೋದರೆ ನಿಮ್ಮನ್ನು ಮಾಮೂಲಿ ಫೋನ್ ಕರೆಯಲ್ಲೇ ಮೀಟಿಂಗಿಗೆ ಸೇರಿಸಿಕೊಳ್ಳಲು ಏರ್ಪಾಡು ಮಾಡಿದ್ದೇವೆ. ಇದೊಂದಕ್ಕಾಗಿ ಮಳೆಯಲ್ಲಿ ಮಡಿಕೇರಿಗೆ ಬರಬೇಕಿಲ್ಲ.

ಮೊದಲು ಲಿಂಕಿನಿಂದಲೇ ಪ್ರಯತ್ನಿಸಿ. 10.30ಕ್ಕೆ ತೆರೆದಿಡುತ್ತೇವೆ, ಆಗಲೇ ಬಂದು ಒಂದೆರಡು ಮಾತಾಡಿ ನೋಡಿ. ನಿಮ್ಮ ವೀಡಿಯೊ ಆಫ್ ಇರಲಿ, ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ. 10.50ರ ತನಕವೂ ದನಿ ತುಂಡು ತುಂಡಾಗಿ ಬರುತ್ತಿದ್ದರೆ ಲಿಂಕಿನ ಆಸೆ ಬಿಟ್ಟುಬಿಡೋಣ, ನಾವು ಫೋನ್ ಮಾಡುತ್ತೇವೆ. ಮೀಟಿಂಗ್ ನಡುವೆ ಕಡಿದು ಹೋದರೆ 2 ನಿಮಿಷ ನೋಡುತ್ತೇವೆ, ಅಷ್ಟರಲ್ಲಿ ನೀವು ಮರಳದಿದ್ದರೆ ಫೋನ್ ಬರುತ್ತದೆ.

ನೀವು ಮಾತ್ರ ನಮಗೆ ಫೋನ್ ಮಾಡಬೇಡಿ. ಎರಡೂ ಕಡೆಯಿಂದ ಒಟ್ಟಿಗೆ ಹಚ್ಚಿದರೆ ಎರಡೂ ಬ್ಯುಸಿ ಬರುತ್ತದೆ, ಐದು ನಿಮಿಷ ಸುಮ್ಮನೆ ಹೋಗುತ್ತದೆ. ಕರೆ ಬರುವುದು ನಿನ್ನೆ ಸಂಜೆ ಮಿಸ್ಡ್ ಕಾಲ್ ಕೊಟ್ಟ ಕಚೇರಿಯ ನಂಬರಿನಿಂದ. ದಯವಿಟ್ಟು ಈಗಲೇ ಸೇವ್ ಮಾಡಿಕೊಳ್ಳಿ, ಗೊತ್ತಿಲ್ಲದ ನಂಬರ್ ಎಂದು ಕಟ್ ಮಾಡುವಂತಾಗಬಾರದು. ಒಂದೊಂದು ನಿಮಿಷ ಬಿಟ್ಟು 3 ಸಲ ಪ್ರಯತ್ನಿಸುತ್ತೇವೆ. ಮೊಬೈಲ್ ಸಿಗದಿದ್ದರೆ ನಿಮ್ಮ ಮನೆಯ ಲ್ಯಾಂಡ್‌ಲೈನಿಗೆ. ಅದು ಹಳೆಯ ತಾಮ್ರದ ತಂತಿಯದೋ ಫೈಬರಿನದೋ ತಿಳಿಸಿ. ತಾಮ್ರದ್ದಾದರೆ ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ನಡೆಯುತ್ತದೆ, ಏಕೆಂದರೆ ಅದಕ್ಕೆ ವಿದ್ಯುತ್ ಎಕ್ಸ್‌ಚೇಂಜಿನಿಂದ ತಂತಿಯಲ್ಲೇ ಬರುತ್ತದೆ. ಫೈಬರಿನದ್ದು ಮೋಡೆಮ್ ಆರಿದ ಕೂಡಲೇ ಸತ್ತಂತೆ, ಅದಕ್ಕೆ ಯುಪಿಎಸ್ ಬೇಕು.

ವಾಟ್ಸಾಪ್ ಕರೆ ಬೇಡ, ಅದೂ ಅದೇ ನೆಟ್ಟಿನ ಮೇಲೆ ಓಡುವುದು. ಮಾಮೂಲಿ ಕರೆಗೆ ಬೇಕಾಗುವುದು ಬಹಳ ಕಡಿಮೆ, ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಸಾಮಾನ್ಯವಾಗಿ ಮಾತು ನಡೆಯುತ್ತದೆ. ನಿಮ್ಮ ಫೋನಿನಲ್ಲಿ ವೋಲ್ಟಿ ಆನ್ ಇಲ್ಲದಿದ್ದರೆ ಕರೆ ತೆಗೆದ ಕೂಡಲೇ ಡೇಟಾ ನಿಲ್ಲಬಹುದು, ಗಾಬರಿಯಾಗಬೇಡಿ. ಒಂದು ವೇಳೆ ಜೂಮ್ ಇನ್ನೂ ತೆರೆದೇ ಇದ್ದರೆ ಅದರಲ್ಲಿ Leave ಒತ್ತಿ ಹೊರಗೆ ಬನ್ನಿ. ಫೋನೂ ಜೂಮೂ ಒಟ್ಟಿಗೆ ಇದ್ದರೆ ನಿಮ್ಮ ಮಾತೇ ನಿಮಗೆ ತಿರುಗಿ ಕೇಳಿಸಿ, ಕೊನೆಗೆ ಕೀಂ ಎಂದು ಕೂಗಲು ಶುರುವಾಗುತ್ತದೆ.

ನಮ್ಮ ಕಡೆ ಕಚೇರಿಯ ಫೋನನ್ನು ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪಿನ ಮೈಕಿನಿಂದ ಒಂದು ಗೇಣು ದೂರ ಇಡುತ್ತೇವೆ. ಜೂಮಿನ Background noise suppression ಅನ್ನು Low ಮಾಡಿರುತ್ತೇವೆ, ಇಲ್ಲದಿದ್ದರೆ ಫೋನಿನಿಂದ ಬರುವ ದನಿಯನ್ನು ಗದ್ದಲ ಎಂದುಕೊಂಡು ಅದು ನುಂಗಿಬಿಡುತ್ತದೆ. ನೀವು ಮಾತ್ರ ಸ್ಪೀಕರ್ ಹಾಕದೆ ಕಿವಿಗೆ ಹಿಡಿದು ಅಥವಾ ಇಯರ್‌ಫೋನ್ ಹಾಕಿ ಮಾತಾಡಿ. ಶೀಟಿನ ಮಾಡಿನ ಕೆಳಗೆ ಕೂರಬೇಡಿ, ಮಳೆಯ ಸದ್ದಿಗೆ ಏನೂ ಕೇಳಿಸುವುದಿಲ್ಲ. ನಿಮ್ಮ ದನಿ ಕೋಣೆಯಲ್ಲಿರುವ ಎಲ್ಲರಿಗೂ, ಬೆಂಗಳೂರಿನವರಿಗೂ ಕೇಳುತ್ತದೆ. ನಮ್ಮನಮ್ಮಲ್ಲೇ ಆಡಬೇಕಾದ ದರದ ಲೆಕ್ಕವಿದ್ದರೆ ಬುಧವಾರವೇ ಮಾತಾಡಿಕೊಳ್ಳೋಣ. ಮೀಟಿಂಗನ್ನು ರೆಕಾರ್ಡ್ ಮಾಡುವುದಿಲ್ಲ.

ಫೋನಿನಲ್ಲಿ ಸ್ಕ್ರೀನ್ ಕಾಣದು. ಅದಕ್ಕೆ ಔಟ್‌ಟರ್ನ್ ಪಟ್ಟಿ, ಚೀಲದ ಲೆಕ್ಕ, ಅವರ ಕರಾರಿನ ಕರಡು, ಒಟ್ಟು 6 ಪುಟಗಳನ್ನು ಇಂದೇ ವಾಟ್ಸಾಪಿಗೆ ಕಳಿಸುತ್ತೇವೆ. ನೆಟ್ ಇರುವಾಗ ಡೌನ್‌ಲೋಡ್ ಮಾಡಿ, ಸಾಧ್ಯವಾದರೆ ಪ್ರಿಂಟ್ ತೆಗೆಸಿಕೊಳ್ಳಿ. ಮೀಟಿಂಗಿನಲ್ಲಿ ನಾವು "ಪುಟ 4, ಮೂರನೇ ಸಾಲು" ಎಂದೇ ಹೇಳುತ್ತೇವೆ. ನಿಮ್ಮ ವಿಷಯವನ್ನು 11.20ಕ್ಕೆ ಇಟ್ಟಿದ್ದೇವೆ, ಕರೆ ಸೇರಿಸಲು ಅಷ್ಟು ಸಮಯ ಸಾಕು. ಒಪ್ಪಿಗೆ ಕೇಳುವಾಗ ನಿಮ್ಮ ಹೆಸರು ಹಿಡಿದೇ ಕೇಳುತ್ತೇವೆ. ನೀವು ಸ್ಪಷ್ಟವಾಗಿ "ಒಪ್ಪಿಗೆ" ಅಥವಾ "ಇಲ್ಲ" ಎಂದರೆ ಹಾಗೆಯೇ ನಡಾವಳಿಯಲ್ಲಿ ಬರೆಯುತ್ತೇವೆ. ಮೂರೂ ಪ್ರಯತ್ನಕ್ಕೆ ನೀವು ಸಿಗದಿದ್ದರೆ ಅಂದು ದರ ಅಂತಿಮ ಮಾಡುವುದಿಲ್ಲ, ಶುಕ್ರವಾರಕ್ಕೆ ಮುಂದೂಡುತ್ತೇವೆ. ಖರೀದಿದಾರರಿಗೂ ಇದನ್ನು ತಿಳಿಸಿದ್ದೇವೆ.

ಬುಧವಾರ ರಾತ್ರಿಯೇ ಫೋನೂ ಪವರ್ ಬ್ಯಾಂಕೂ ಪೂರ್ತಿ ಚಾರ್ಜ್ ಆಗಿರಲಿ. ಕರೆಂಟ್ ಹೋಗಿ ಗಂಟೆಗಟ್ಟಲೆ ಆದರೆ ಟವರಿನ ಬ್ಯಾಟರಿಯೂ ಇಳಿದು ಸಿಗ್ನಲ್ ಸಾಯುತ್ತದೆ. ಬೆಳಿಗ್ಗೆಯೇ ಹಾಗಾದರೆ ಸಿಗ್ನಲ್ ಇರುವ ಜಾಗಕ್ಕೆ 10.30ರೊಳಗೆ ಹೋಗಿ, ಅಲ್ಲಿಂದ ಒಂದು ಎಸ್ಸೆಮ್ಮೆಸ್ ಹಾಕಿ.

ಬುಧವಾರ ಸಂಜೆ 5ರೊಳಗೆ ಮೂರು ವಿಷಯ ತಿಳಿಸಿ: ಯಾವ ಮೊಬೈಲಿಗೆ ಕರೆ ಮಾಡಬೇಕು, ಲ್ಯಾಂಡ್‌ಲೈನ್ ಯಾವ ತರದ್ದು, ಬೇರೆ ಕಂಪನಿಯ ಸಿಮ್ ಇರುವವರು ಮನೆಯಲ್ಲಿ ಯಾರಾದರೂ ಇದ್ದಾರೆಯೇ. ಉತ್ತರ ಬಂದ ಮೇಲೆ 6 ಗಂಟೆಗೆ ಎರಡು ನಿಮಿಷ ಟ್ರಯಲ್ ಕರೆ ಮಾಡುತ್ತೇವೆ.

ಇಂತಿ,
ಸಂಚಾಲಕ, ಬೆಳೆಗಾರರ ಗುಂಪು
ಮಡಿಕೇರಿ