ಆಯತ ಮತ್ತು ಘನ ವೃತ್ತ ಅಡ್ಡಛೇದದ ತೊಲೆಗಳಲ್ಲಿ ಶಿಯರ್ ಸ್ಟ್ರೆಸ್

ಮರದ ತೊಲೆಗೆ ಮಿತಿಮೀರಿ ಭಾರ ಹೇರಿದರೆ ಅದು ಎರಡು ರೀತಿಯಲ್ಲಿ ಸೋಲಬಹುದು. ನಡುವಿನಲ್ಲಿ ಕೆಳಗಿನ ನಾರು ಹರಿದು ಮುರಿಯುವುದು ಎಲ್ಲರಿಗೂ ಗೊತ್ತಿರುವ ರೀತಿ. ಇನ್ನೊಂದರಲ್ಲಿ ಗೋಡೆಯ ಮೇಲೆ ಕೂತ ತುದಿಯ ಬಳಿ, ಎತ್ತರದ ನಡುಮಟ್ಟದಲ್ಲಿ, ನಾರಿನ ಉದ್ದಕ್ಕೇ ಅಡ್ಡವಾಗಿ ಸೀಳು ಬಿಡುತ್ತದೆ. ಭಾರ ಬಿದ್ದಿರುವುದು ಮೇಲಿನಿಂದ ಕೆಳಕ್ಕೆ, ಸೀಳು ಬಿಟ್ಟಿರುವುದು ಅಡ್ಡಕ್ಕೆ. ಈ ಎರಡನೆಯದರ ಲೆಕ್ಕವೇ ಶಿಯರ್ ಸೂತ್ರ. 19ನೇ ಶತಮಾನದ ಮಧ್ಯದಲ್ಲಿ ರಷ್ಯಾದ ಎಂಜಿನಿಯರ್ ಜುರಾವ್ಸ್ಕಿ ಇದನ್ನು ಕಟ್ಟಿದ್ದೂ ರೈಲು ಮಾರ್ಗದ ಮರದ ಸೇತುವೆಗಳ ಕೆಲಸದಲ್ಲಿದ್ದಾಗಲೇ. ಕಬ್ಬಿಣದ ತೊಲೆಯ ಮುಂದೆ ಕೂತವರಿಗೆ ಈ ಪ್ರಶ್ನೆ ಅಷ್ಟು ಬೇಗ ಹೊಳೆಯುತ್ತಿರಲಿಲ್ಲ.

ಸೂತ್ರ ಎಲ್ಲಿಂದ ಬಂತು

ತೊಲೆಯಿಂದ `dx` ಉದ್ದದ ಒಂದು ಬಿಲ್ಲೆಯನ್ನು ಮನಸ್ಸಿನಲ್ಲೇ ಕತ್ತರಿಸಿಕೊಳ್ಳಿ. ಅದರ ಎಡ ಮುಖದಲ್ಲಿ ಬೆಂಡಿಂಗ್ ಮೊಮೆಂಟ್ `M`, ಬಲ ಮುಖದಲ್ಲಿ `M + dM`. ಈಗ ನ್ಯೂಟ್ರಲ್ ಆಕ್ಸಿಸ್‌ನಿಂದ `y` ಎತ್ತರದಲ್ಲಿ ಅಡ್ಡವಾಗಿ ಕೊಯ್ದು, ಮೇಲಿನ ತುಂಡನ್ನು ಮಾತ್ರ ನೋಡಿ. ಬೆಂಡಿಂಗ್ ಸ್ಟ್ರೆಸ್ `My/I` ಆದ್ದರಿಂದ ಆ ತುಂಡಿನ ಎರಡು ಮುಖಗಳ ಮೇಲಿನ ತಳ್ಳುಬಲ ಒಂದೇ ಅಲ್ಲ, `dM`ನಿಂದಾಗಿ ವ್ಯತ್ಯಾಸವಿದೆ. ಮೇಲ್ಗಡೆ ಖಾಲಿ, ಪಕ್ಕಗಳೂ ಖಾಲಿ. ಆ ವ್ಯತ್ಯಾಸವನ್ನು ಹಿಡಿದು ನಿಲ್ಲಿಸಲು ಉಳಿದಿರುವುದು ಕೊಯ್ದ ತಳ ಒಂದೇ:

```
τ · b · dx = ∫ (dM · y / I) dA = (dM / I) · Q
V = dM/dx
τ = V Q / (I b)
```

`V` ಶಿಯರ್ ಬಲ, `I` ಛೇದದ ಮೊಮೆಂಟ್ ಆಫ್ ಇನರ್ಶಿಯಾ, `b` ಕೊಯ್ದ ಗೆರೆಯಲ್ಲಿನ ಅಗಲ. `Q` ಎಂದರೆ ಕೊಯ್ದ ಗೆರೆಯಿಂದ ಆಚೆಗಿರುವ ವಿಸ್ತೀರ್ಣದ ಮೊದಲ ಮೊಮೆಂಟ್, ಅಂದರೆ `A·ȳ`. ನಮ್ಮ ಕಾಲೇಜುಗಳಲ್ಲಿ ಇದನ್ನೇ `F A ȳ / (I b)` ಎಂದೂ ಬರೆಸುತ್ತಾರೆ. ಅಕ್ಷರ ಬೇರೆ, ಸೂತ್ರ ಅದೇ. ಅಡ್ಡ ತಳದಲ್ಲಿ ಸಿಕ್ಕ ಈ `τ` ಅಷ್ಟೇ ಪ್ರಮಾಣದಲ್ಲಿ ಲಂಬ ಮುಖದಲ್ಲೂ ಇರಲೇಬೇಕು, ಇಲ್ಲದಿದ್ದರೆ ಅಲ್ಲಿನ ಚಿಕ್ಕ ಚೌಕ ತಿರುಗಿಬಿಡುತ್ತದೆ.

ನಾಲ್ಕು ಅಕ್ಷರಗಳಲ್ಲಿ ಎರಡು ಇಡೀ ಛೇದಕ್ಕೆ ಸೇರಿದವು: `V` ಮತ್ತು `I`. ಉಳಿದೆರಡು, `Q` ಮತ್ತು `b`, ಕೊಯ್ದ ಗೆರೆಗೆ ಸೇರಿದವು. ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಎರಡು ಗುಂಪುಗಳನ್ನು ಕಲಸಿದ್ದರಿಂದ ಆದವು. ಕೊಯ್ದ ತುಂಡಿನ `I` ಹಾಕುವುದು, `ȳ`ಯನ್ನು ಕೊಯ್ದ ಗೆರೆಯಿಂದ ಅಳೆಯುವುದು, ವೃತ್ತದಲ್ಲಿ `b` ಜಾಗದಲ್ಲಿ ಯಾವಾಗಲೂ ವ್ಯಾಸ ಹಾಕುವುದು. `ȳ`ಯನ್ನು ಅಳೆಯಬೇಕಾದ್ದು ಇಡೀ ಛೇದದ ನ್ಯೂಟ್ರಲ್ ಆಕ್ಸಿಸ್‌ನಿಂದ.

ಆಯತ

ಅಗಲ `b`, ಎತ್ತರ `d`. `y` ಮಟ್ಟದ ಮೇಲಿರುವ ತುಂಡಿನ ಎತ್ತರ `d/2 − y`. ಅದರ ಕೇಂದ್ರ ನ್ಯೂಟ್ರಲ್ ಆಕ್ಸಿಸ್‌ನಿಂದ ಇರುವ ದೂರ `d/2` ಮತ್ತು `y`ಗಳ ಸರಾಸರಿ.

```
Q = b (d/2 − y) · ½ (d/2 + y) = (b/2)(d²/4 − y²)
τ = (V / 2I)(d²/4 − y²)
I = b d³/12
τ = 1.5 · (V / bd) · (1 − 4y²/d²)
```

`y²` ಇರುವುದರಿಂದ ಹರಡಿಕೆ ಪ್ಯಾರಾಬೋಲಾ. ಮೇಲಿನ ಮತ್ತು ಕೆಳಗಿನ ಅಂಚಿನಲ್ಲಿ ಸೊನ್ನೆ, ಏಕೆಂದರೆ ಅಲ್ಲಿ ಆಚೆಗೆ ವಿಸ್ತೀರ್ಣವೇ ಉಳಿದಿಲ್ಲ. ನಡುವಿನಲ್ಲಿ ಗರಿಷ್ಠ: ಸರಾಸರಿಯ ಒಂದೂವರೆ ಪಟ್ಟು. ಕಾಲು ಎತ್ತರದಲ್ಲಿ, ಅಂದರೆ `y = d/4`ರಲ್ಲಿ, ಇನ್ನೂ ಸರಾಸರಿಯ 1.125 ಪಟ್ಟು ಇರುತ್ತದೆ. ಸರಾಸರಿಗೆ ಸರಿಯಾಗಿ ಇಳಿಯುವುದು `y = d/(2√3)`, ಸುಮಾರು `0.289d`ಯಲ್ಲಿ.

ಸಂಖ್ಯೆ ಹಾಕಿ ನೋಡೋಣ. 100 ಮಿ.ಮೀ. ಅಗಲ, 200 ಮಿ.ಮೀ. ಎತ್ತರದ ಮರದ ತೊಲೆ. ಎರಡು ಗೋಡೆಗಳ ಮೇಲೆ ಸರಳವಾಗಿ ಕೂತಿದೆ, ಅಂತರ 3 ಮೀಟರ್. ತನ್ನ ತೂಕವೂ ಸೇರಿ ಮೀಟರಿಗೆ 8 ಕಿಲೋನ್ಯೂಟನ್ ಭಾರ.

```
V = 8 × 3 / 2 = 12 kN
M = 8 × 3² / 8 = 9 kN·m
I = 100 × 200³ / 12 = 66.67 × 10⁶ mm⁴
σmax = 9×10⁶ × 100 / 66.67×10⁶ = 13.5 N/mm²
τmax = 1.5 × 12000 / 20000 = 0.90 N/mm²

y = 0      τ = 0.900
y = 25     τ = 0.844
y = 50     τ = 0.675
y = 75     τ = 0.394
y = 100    τ = 0
```

13.5ರ ಮುಂದೆ 0.9 ಏನೂ ಅಲ್ಲ ಅನ್ನಿಸುತ್ತದೆ. ಉಕ್ಕಿನಲ್ಲಾದರೆ ನಿಜಕ್ಕೂ ಏನೂ ಅಲ್ಲ. ಆದರೆ ಮರಕ್ಕೆ ನಾರಿನ ಉದ್ದಕ್ಕೆ ಜಾರುವುದನ್ನು ತಡೆಯುವ ಶಕ್ತಿ ಬಾಗುವುದನ್ನು ತಡೆಯುವ ಶಕ್ತಿಗಿಂತ ಬಹಳ ಕಡಿಮೆ. ಎರಡರ ಅನುಪಾತವನ್ನು ಅಕ್ಷರದಲ್ಲೇ ತೆಗೆದರೆ ಸಮನಾಗಿ ಹರಡಿದ ಭಾರಕ್ಕೆ ಒಂದು ಚೊಕ್ಕ ಫಲ ಸಿಗುತ್ತದೆ:

```
τmax / σmax = d / L
```

ಇಲ್ಲಿ 200/3000, ಅಂದರೆ ಹದಿನೈದರಲ್ಲಿ ಒಂದು. ಅಂತರ ಕಡಿಮೆಯಾಗಿ ಎತ್ತರ ಹೆಚ್ಚಾದಷ್ಟೂ ಶಿಯರ್‌ನ ಪಾಲು ಏರುತ್ತದೆ. ಗಿಡ್ಡ, ದಪ್ಪ ತೊಲೆ ಗಟ್ಟಿಮುಟ್ಟಾಗಿ ಕಾಣುತ್ತದೆ ಎಂದು ಶಿಯರ್ ಲೆಕ್ಕ ಬಿಡುವವರು ಬಿಡಬಾರದ ಕಡೆಯೇ ಬಿಡುತ್ತಿರುತ್ತಾರೆ.

ಸೂತ್ರದಲ್ಲಿರುವ `b`ಯ ಬೆಲೆ ತಿಳಿಯುವುದು ಬಿರುಕು ಬಂದಾಗ. ಇದೇ ತೊಲೆ ಒಣಗುವಾಗ ತುದಿಯಲ್ಲಿ, ನಡುಮಟ್ಟದಲ್ಲಿ, ಒಂದು ಪಕ್ಕದಿಂದ 40 ಮಿ.ಮೀ. ಒಳಕ್ಕೆ ಬಿರುಕು ಬಿಟ್ಟಿದೆ ಎನ್ನಿ. ಕೂದಲೆಳೆಯ ಬಿರುಕು ನ್ಯೂಟ್ರಲ್ ಆಕ್ಸಿಸ್‌ನಲ್ಲೇ ಇರುವುದರಿಂದ `I` ಹೆಚ್ಚುಕಡಿಮೆ ಅಷ್ಟೇ, `Q` ಅಷ್ಟೇ. ಆದರೆ ಹಿಡಿದುಕೊಳ್ಳಲು ಉಳಿದ ಅಗಲ 60 ಮಿ.ಮೀ. ಮಾತ್ರ, `τ` 0.9ರಿಂದ 1.5ಕ್ಕೆ ಏರಿತು. ಅದೂ ಸರಾಸರಿ ಲೆಕ್ಕ, ಬಿರುಕಿನ ತುದಿಯಲ್ಲಿ ಇನ್ನೂ ಹೆಚ್ಚು. ಬಿರುಕು ಪೂರ್ತಿ ಅಗಲಕ್ಕೆ, ಪೂರ್ತಿ ಉದ್ದಕ್ಕೆ ಹರಿದು ಎರಡು ಭಾಗ ಸಲೀಸಾಗಿ ಜಾರುವಂತಾದರೆ ಒಂದರ ಮೇಲೊಂದು ಇಟ್ಟ 100 × 100ರ ಎರಡು ತೊಲೆಗಳಷ್ಟೇ ಉಳಿದವು: ಬೆಂಡಿಂಗ್ ಸ್ಟ್ರೆಸ್ ಎರಡರಷ್ಟು, 27, ಬಾಗು ನಾಲ್ಕರಷ್ಟು.

ಇದನ್ನೇ ತಿರುಗಿಸಿ ಬಳಸಬಹುದು. ಎರಡು 100 × 100 ತುಂಡು ಜೋಡಿಸಿ ಒಂದು ತೊಲೆಯಂತೆ ಕೆಲಸ ಮಾಡಿಸಬೇಕಾದರೆ ಬೋಲ್ಟುಗಳು ಹೊರಬೇಕಾದ ಬಲ `VQ/I`. ಇಲ್ಲಿ `Q = 100 × 100 × 50 = 500000 mm³`, ಹಾಗಾಗಿ ಗೋಡೆಯ ಬಳಿ ಮಿಲಿಮೀಟರಿಗೆ 90 ನ್ಯೂಟನ್. 100 ಮಿ.ಮೀ.ಗೆ ಒಂದು ಬೋಲ್ಟ್ ಹಾಕಿದರೆ ಅದರ ಪಾಲಿಗೆ 9 ಕಿಲೋನ್ಯೂಟನ್. ತೊಲೆಯ ನಡುವಿನಲ್ಲಿ `V` ಸೊನ್ನೆ, ಅಲ್ಲಿ ಬೋಲ್ಟ್ ವಿರಳವಾದರೂ ನಡೆಯುತ್ತದೆ. ಬಾಗುವುದು ನಡುವಿನಲ್ಲಿ ಎಂದು ಅಲ್ಲೇ ಒತ್ತಾಗಿ ಬೋಲ್ಟ್ ಹೊಡೆದು ತುದಿಗಳಲ್ಲಿ ಬಿಟ್ಟರೆ ಕೆಲಸ ಪೂರಾ ತಲೆಕೆಳಗು.

ಘನ ವೃತ್ತ

ಇಲ್ಲಿ ಅಗಲವೂ ಮಟ್ಟದೊಂದಿಗೆ ಬದಲಾಗುತ್ತದೆ. ತ್ರಿಜ್ಯ `R` ಆದರೆ `y` ಮಟ್ಟದ ಜ್ಯಾದ ಉದ್ದವೇ `b`:

```
b = 2 √(R² − y²)
Q = ∫ from y to R of 2 t √(R² − t²) dt = (2/3)(R² − y²)^(3/2)
τ = V Q / (I b) = V (R² − y²) / (3I)
I = πR⁴/4
τ = (4/3) · (V / πR²) · (1 − y²/R²)
```

ಇಂಟಿಗ್ರಲ್‌ಗೆ ಹೆದರಬೇಕಿಲ್ಲ; `u = R² − t²` ಎಂದಿಟ್ಟರೆ ಒಂದೇ ಸಾಲು. `Q`ದಲ್ಲಿ ಘಾತ ಒಂದೂವರೆ, `b`ಯಲ್ಲಿ ಅರ್ಧ. ಭಾಗಿಸಿದಾಗ ವರ್ಗಮೂಲಗಳು ಹೋಗಿ ಮತ್ತೆ ಪ್ಯಾರಾಬೋಲಾ ಉಳಿಯುತ್ತದೆ. ನಡುಮಟ್ಟದಲ್ಲಿ ತಾಳೆ ನೋಡಲು ಅರ್ಧವೃತ್ತ ಸಾಕು: ವಿಸ್ತೀರ್ಣ `πR²/2`, ಕೇಂದ್ರದ ದೂರ `4R/3π`, ಗುಣಿಸಿದರೆ `2R³/3`. ಮೇಲಿನ `Q`ದಲ್ಲಿ `y = 0` ಹಾಕಿದರೂ ಅದೇ.

ಗರಿಷ್ಠ ಸರಾಸರಿಯ 4/3 ಪಟ್ಟು. ಸರಾಸರಿಗೆ ಇಳಿಯುವುದು ಸರಿಯಾಗಿ `y = R/2`ರಲ್ಲಿ. ಅಷ್ಟೇ ವಿಸ್ತೀರ್ಣದ ಆಯತಕ್ಕಿಂತ ವೃತ್ತದ ಗರಿಷ್ಠ ಕಡಿಮೆ, ಏಕೆಂದರೆ ಹೆಚ್ಚು ಜಾರುವ ಮಟ್ಟದಲ್ಲೇ ಅದರ ಅಗಲ ಹೆಚ್ಚು. ವ್ಯಾಸದಲ್ಲಿ ಬರೆದರೆ `τmax = 16V/(3πD²)`. `R` ಇರುವ ಸೂತ್ರಕ್ಕೆ ವ್ಯಾಸ ತುಂಬಿದರೆ ಉತ್ತರ ನಾಲ್ಕರಲ್ಲಿ ಒಂದಾಗುತ್ತದೆ, ಮತ್ತು ಆ ತಪ್ಪು ಸುರಕ್ಷತೆಯ ಕಡೆಗಲ್ಲ.

50 ಮಿ.ಮೀ. ವ್ಯಾಸದ ಉಕ್ಕಿನ ಸರಳು, ಶಿಯರ್ ಬಲ 15 ಕಿಲೋನ್ಯೂಟನ್:

```
A = 1963.5 mm²      I = 306796 mm⁴
ಸರಾಸರಿ = 7.64 N/mm²
τmax = 10.19 N/mm²

y = 15:  R² − y² = 625 − 225 = 400
b = 40 mm     Q = (2/3)(8000) = 5333 mm³
τ = 15000 × 5333 / (306796 × 40) = 6.52 N/mm²
```

ಯಾವುದೇ ಹರಡಿಕೆ ಸರಿಯಿದೆಯೇ ಎಂದು ಪರೀಕ್ಷಿಸಲು `τ·b`ಯನ್ನು ಮೇಲಿನಿಂದ ಕೆಳಗಿನವರೆಗೆ ಕೂಡಿಸಿ. `V` ಮರಳಿ ಬರಬೇಕು. ವೃತ್ತಕ್ಕೆ `(2V/3I)∫(R² − y²)^(3/2) dy`, ಇಂಟಿಗ್ರಲ್‌ನ ಬೆಲೆ `3πR⁴/8`, ಒಟ್ಟು `V`. `b` ಬದಲಾಗುತ್ತದೆ ಎನ್ನುವುದನ್ನು ಮರೆತು `τ`ವನ್ನಷ್ಟೇ ಕೂಡಿಸಿದವರಿಗೆ ತಾಳೆ ಬೀಳುವುದಿಲ್ಲ.

ಸೂತ್ರ ಎಲ್ಲಿ ಜಾರುತ್ತದೆ

ಒಂದು ಮಟ್ಟದಲ್ಲಿ ಅಗಲದ ಉದ್ದಕ್ಕೂ `τ` ಒಂದೇ ಎಂದು ನಾವು ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಟ್ಟೆವು. ಕಿರಿದಾದ ಆಯತಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಎತ್ತರ ಅಗಲದ ಎರಡರಷ್ಟಿದ್ದರೆ ನಿಜವಾದ ಗರಿಷ್ಠ ಸೂತ್ರದ್ದಕ್ಕಿಂತ ಶೇ. 3ರಷ್ಟು ಮಾತ್ರ ಹೆಚ್ಚು. ಚೌಕಕ್ಕೆ ಸುಮಾರು ಶೇ. 13, ಅಗಲವೇ ಎತ್ತರದ ಎರಡರಷ್ಟಾದರೆ ಸುಮಾರು ಶೇ. 40, ಎಲ್ಲವೂ ಪಾಯ್ಸನ್ ಅನುಪಾತ 0.25 ಎಂದಿಟ್ಟು. ಹಲಗೆಯನ್ನು ಮಲಗಿಸಿ ತೊಲೆ ಮಾಡಿದಾಗ 1.5ನ್ನು ಕಣ್ಣುಮುಚ್ಚಿ ನಂಬಬಾರದು.

ವೃತ್ತದಲ್ಲಿ ಇನ್ನೊಂದು ಸೂಕ್ಷ್ಮ. ಹೊರಮೈಯಲ್ಲಿ ಯಾವ ಬಲವೂ ಇಲ್ಲದ್ದರಿಂದ ಅಂಚಿನಲ್ಲಿ ಶಿಯರ್ ಸ್ಟ್ರೆಸ್ ಅಂಚಿಗೆ ಸ್ಪರ್ಶಕವಾಗಿಯೇ ಇರಬೇಕು, ಲಂಬವಾಗಿ ಅಲ್ಲ. ಸೂತ್ರ ಕೊಡುವುದು ಅದರ ಲಂಬ ಅಂಶ ಮಾತ್ರ. ಜ್ಯಾದ ತುದಿಯಲ್ಲಿ ಒಟ್ಟು ಬೆಲೆಗೆ `R/√(R² − y²)`ನಿಂದ ಗುಣಿಸಬೇಕು. ಮೇಲಿನ ಸರಳಿನಲ್ಲಿ 15 ಮಿ.ಮೀ. ಮಟ್ಟದಲ್ಲಿ 6.52 × 25/20 = 8.15. ನಡುಮಟ್ಟದಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಸ್ಪರ್ಶಕವೇ ಲಂಬ. ಪಾಯ್ಸನ್ ಅನುಪಾತ 0.3ಕ್ಕೆ ನಿಖರ ಸಿದ್ಧಾಂತ ಕೇಂದ್ರದಲ್ಲಿ ಸರಾಸರಿಯ 1.38 ಪಟ್ಟು, ವ್ಯಾಸದ ತುದಿಗಳಲ್ಲಿ 1.23 ಪಟ್ಟು ಎನ್ನುತ್ತದೆ. ನಮ್ಮ 1.33 ಇವೆರಡರ ನಡುವೆ ಬಿತ್ತು. ಕೆಲಸಕ್ಕೆ ಧಾರಾಳ ಸಾಕು.

ಇನ್ನು "ಗರಿಷ್ಠ ಯಾವಾಗಲೂ ನ್ಯೂಟ್ರಲ್ ಆಕ್ಸಿಸ್‌ನಲ್ಲಿ" ಎಂಬ ಬಾಯಿಪಾಠ. ಗರಿಷ್ಠ ಇರುವುದು `Q/b` ಗರಿಷ್ಠವಾದಲ್ಲಿ. ಆಯತ, ವೃತ್ತ ಎರಡಕ್ಕೂ ಅದು ನಡುವೆಯೇ ಬೀಳುತ್ತದೆ. ಅದೇ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿದರೆ ನಡುವಿನಲ್ಲಿ ಬರೀ ಸರಾಸರಿ; ಗರಿಷ್ಠ, ಅದರ 9/8 ಪಟ್ಟು, ಕರ್ಣದ ಎಂಟನೇ ಒಂದು ಭಾಗದಷ್ಟು ಮೇಲೆ ಮತ್ತು ಅಷ್ಟೇ ಕೆಳಗೆ ಕೂತಿರುತ್ತದೆ.